11ನೇ ಕಾಲಂ ಓದಿದಿರೇನು?

ಹಗರಿಬೊಮ್ಮನಹಳ್ಳಿ ಕಡೆ ಪಹಣಿಯಲ್ಲಿ ಹೆಸರೊಂದು ಕಂಡಿತೆಂದು ಹೊಲಕ್ಕೆ ಅಡ್ವಾನ್ಸ್ ಕೊಟ್ಟುಬಿಡುವವರುಂಟು. ಅಷ್ಟು ಸಾಲದು.

ಸರ್ವೆ ನಂಬರ್ 112, ಹಿಸ್ಸಾ 2, ನಾಲ್ಕು ಎಕರೆ ಎಂದಿಟ್ಟುಕೊಳ್ಳಿ. ಹಿಸ್ಸಾ ತಪ್ಪಿದರೆ ನೀವು ಓದಿದ್ದು ಪಕ್ಕದವನ ಹೊಲ! 9ನೇ ಕಾಲಂನಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ, ಒಬ್ಬನ ಸಹಿಗೆ ಇಡೀ ಹೊಲ ಬರೋದಿಲ್ಲ.

11ನೇ ಕಾಲಂನಲ್ಲಿ ಬ್ಯಾಂಕಿನ ಬೆಳೆಸಾಲ ಕಂಡರೆ, ‘ಅದು ಯಾವಾಗ್ಲೋ ತೀರೈತಿ ಬಿಡ್ರಿ’ ಎಂಬ ಮಾತಿಗೆ ಮರುಳಾಗಬೇಡಿ. ತೀರಿದ್ದರೆ, ಬ್ಯಾಂಕಿನ ತೀರುವಳಿ ಪತ್ರ ಕೊಟ್ಟು ನಮೂದು ತೆಗೆಸಿ ಹೊಸ ಪಹಣಿ ತರುವುದು ಮಾರುವವನ ಕೆಲಸ.

ಕಾಲಂ ಖಾಲಿಯಿದ್ದರೂ ನಿಶ್ಚಿಂತೆಯಿಲ್ಲ. ನೋಂದಣಿಯಾದ ಅಡಮಾನ ಪಹಣಿಗೆ ಏರದೆ ಉಳಿದಿರಬಹುದು. ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವನ್ನೂ ತೆಗೆಸಿ ಓದಬೇಕು. ದುಡ್ಡು ಎಣಿಸೋದು ಆಮೇಲೆ.