ಪ್ರಬಂಧದಲ್ಲಿ ಇಲ್ಲದ ಪ್ರಶ್ನೆ

ಪಿಎಚ್‌.ಡಿ ಎಂದಕೂಡಲೇ ನೆನಪಾಗುವುದು ದಪ್ಪನೆಯ ಪ್ರಬಂಧ ಮತ್ತು ಕೊನೆಯಲ್ಲಿ ನಡೆಯುವ ವೈವಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಅದಕ್ಕೂ ಬಹಳ ಮೊದಲೇ ಇನ್ನೊಂದು ಮೌಖಿಕ ಪರೀಕ್ಷೆ ಇರುತ್ತದೆ. ಅದರ ಹೆಸರು ಕಾಂಪ್ರಿಹೆನ್ಸಿವ್. ಕೋರ್ಸ್‌ವರ್ಕ್ ಮುಗಿಸಿದ ವಿದ್ಯಾರ್ಥಿ ನಾಲ್ಕಾರು ಪ್ರಾಧ್ಯಾಪಕರ ಎದುರು ಬೋರ್ಡಿನ ಬಳಿ ನಿಂತು ಉತ್ತರ ಹೇಳಬೇಕು. ತನ್ನ ಸಂಶೋಧನಾ ವಿಷಯಕ್ಕೆ ನೇರ ಸಂಬಂಧವಿಲ್ಲದ ಪ್ರಶ್ನೆಗಳೂ ಇಲ್ಲಿ ಬರುತ್ತವೆ. ಹೊರಗಿನವರಿಗೆ ಇದು ವಿನಾಕಾರಣ ಕಾಟ ಎನಿಸಬಹುದು. ಅಂಥ ಪ್ರಶ್ನೆ ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಿದರೆ ಅದರ ಉದ್ದೇಶ ತಿಳಿಯುತ್ತದೆ.

ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳ ಸಂಶೋಧನೆ ಬ್ಯಾಟರಿಯ ಒಳಗಿನ ದ್ರಾವಣದ ಬಗ್ಗೆ. ಪರೀಕ್ಷಕರೊಬ್ಬರು ಕೇಳುತ್ತಾರೆ: 'ಇಪ್ಪತ್ತು ಮೀಟರ್ ಎತ್ತರದ ತೆಂಗಿನ ಮರದ ಸುಳಿಗೆ ನೀರು ಹೇಗೆ ಏರುತ್ತದೆ?'

'ಕೇಶಾಕರ್ಷಣೆಯಿಂದ ಸರ್' ಎನ್ನುತ್ತಾಳೆ. ಸಣ್ಣ ನಳಿಕೆಯಲ್ಲಿ ನೀರು ತಾನಾಗಿ ಮೇಲೇರುವ ಗುಣ ಅದು, ಹೈಸ್ಕೂಲಿನಲ್ಲೇ ಓದಿರುತ್ತೇವೆ. 'ಎಷ್ಟು ಏರುತ್ತದೆ? ಲೆಕ್ಕ ಹಾಕಿ' ಎಂದು ಮುಂದಿನ ಪ್ರಶ್ನೆ. ನಳಿಕೆ ಕಿರಿದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಹೋಗುತ್ತದೆ ಎನ್ನುವ ಸೂತ್ರ ಅವಳಿಗೆ ಗೊತ್ತು. ಮರದೊಳಗಿನ ನಳಿಕೆಯ ತ್ರಿಜ್ಯ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ, ಎಂದಿಟ್ಟುಕೊಂಡರೆ ಉತ್ತರ ಸುಮಾರು 73 ಸೆಂಟಿಮೀಟರ್. ಸುಳಿ ಇನ್ನೂ ಹತ್ತೊಂಬತ್ತು ಮೀಟರ್ ಮೇಲಿದೆ! ಬಾಯಿಪಾಠದ ಉತ್ತರ ಇಲ್ಲಿಗೆ ಮುಗಿಯಿತು. ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿಂದ.

ಅವಳು ಯೋಚಿಸಿ, ಎಲೆಯಿಂದ ನೀರು ಆವಿಯಾಗುವಾಗ ಕೆಳಗಿನ ನೀರನ್ನು ಎಳೆಯುತ್ತದೆ ಎನ್ನುತ್ತಾಳೆ. ದಾರಿ ಸರಿ. ಆದರೆ ಪರೀಕ್ಷಕರು ಅಷ್ಟಕ್ಕೇ ಬಿಡುವುದಿಲ್ಲ. ಬಾವಿಯ ದಡದಲ್ಲಿಟ್ಟ ಪಂಪು ಹತ್ತು ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ಮರಕ್ಕೆ ಮಾತ್ರ ಅದು ಹೇಗೆ ಸಾಧ್ಯ? ಪಂಪು ನಿಜಕ್ಕೂ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ, ಆ ಒತ್ತಡದ ಶಕ್ತಿ ಹತ್ತು ಮೀಟರಿಗೆ ಮುಗಿಯುತ್ತದೆ ಎಂದು ಅವಳು ಬಿಡಿಸಿ ಹೇಳಬೇಕು. ಮರದೊಳಗಿನ ನೀರಿನ ಕಣಗಳಾದರೋ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಗುಳ್ಳೆ ಏಳದಿದ್ದರೆ ಆ ನೀರಿನ ಕಂಬವನ್ನು ತುದಿಯಿಂದ ಎಳೆಯಬಹುದು.

ತುದಿಯಲ್ಲಿ ಹಿಡಿದಿರುವುದು ಯಾವುದು? ಇಲ್ಲಿ ಅವಳು ತಡವರಿಸುತ್ತಾಳೆ. 'ನಿಮ್ಮ ಸೂತ್ರದಲ್ಲಿ ಯಾವ ನಳಿಕೆಯ ಅಳತೆ ಹಾಕಿದಿರಿ?' ಎಂಬ ಸುಳಿವು ಬರುತ್ತದೆ. ತಾನು ಹಾಕಿದ್ದು ಕಾಂಡದ ನಳಿಕೆಯನ್ನು, ನೀರು ಗಾಳಿಯನ್ನು ಸಂಧಿಸುವುದು ಎಲೆಯ ಕೋಶಭಿತ್ತಿಯ ರಂಧ್ರಗಳಲ್ಲಿ ಎಂದು ಹೊಳೆದರೆ ಅರ್ಧ ಗೆದ್ದಂತೆ. ಅದೇ ಸೂತ್ರವನ್ನು ತಿರುಗಿಸಿದರೆ ಇಪ್ಪತ್ತು ಮೀಟರ್ ನೀರನ್ನು ಹಿಡಿದಿಡಲು ಮುಕ್ಕಾಲು ಮೈಕ್ರಾನಿಗಿಂತ ಕಿರಿದಾದ ರಂಧ್ರ ಸಾಕು. ಹರಿವಿನ ಘರ್ಷಣೆಗೂ ಸೇರಿಸಿದರೆ ಇನ್ನಷ್ಟು ಕಿರಿದಾಗಿರಬೇಕು. ಎಲೆಯ ರಂಧ್ರಗಳು ಅದಕ್ಕಿಂತಲೂ ಎಷ್ಟೋ ಸಣ್ಣವು.

ಸಸ್ಯಶಾಸ್ತ್ರ ಗೊತ್ತಿದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಸೂತ್ರದ ಪ್ರತಿ ಅಕ್ಷರ ಯಾವ ಜಾಗದ ಯಾವ ವಸ್ತುವನ್ನು ಸೂಚಿಸುತ್ತದೆ ಎಂಬ ತಿಳಿವಳಿಕೆ ಇದೆಯೇ ಎಂದು ನೋಡುತ್ತಿದ್ದರು. ಬ್ಯಾಟರಿಯ ಸೂಕ್ಷ್ಮ ರಂಧ್ರಗಳೊಳಗೆ ದ್ರಾವಣ ಇಳಿಯುವುದೂ ಇದೇ ನಿಯಮದಿಂದ. ಆದರೆ ಅಲ್ಲಿಂದಲೇ ಕೇಳಿದ್ದರೆ ಅವಳು ಹತ್ತು ಸಲ ಓದಿದ್ದನ್ನು ಒಪ್ಪಿಸಿ ಕೂರುತ್ತಿದ್ದಳು.

ಹೀಗಾಗಿ ಸುಳಿವು ಪಡೆದದ್ದು ಸೋಲಲ್ಲ. ಸುಳಿವು ಸಿಕ್ಕ ಮೇಲೆ ಎಷ್ಟು ದೂರ ನಡೆದಳು ಎಂಬುದೇ ಅಳತೆ. 'ಗೊತ್ತಿಲ್ಲ' ಎಂದು ಸುಮ್ಮನಾಗುವವರೂ, ಪ್ರತಿ ಪ್ರಶ್ನೆಯನ್ನೂ ತಮ್ಮ ಪ್ರಬಂಧದ ಕಡೆಗೆ ಎಳೆದುಕೊಂಡು ಹೋಗುವವರೂ ಸಿಕ್ಕಿಬೀಳುವುದು ಇಲ್ಲೇ.

ತಪ್ಪು ಮೇಜಿನ ಆ ಕಡೆಯಿಂದಲೂ ಆಗುತ್ತದೆ. ಯಾವುದೋ ಸ್ಥಿರಾಂಕದ ಬೆಲೆ ಕೇಳುವ, ತಾವು ಮೊನ್ನೆ ಬರೆದ ಲೇಖನದಿಂದಲೇ ಪ್ರಶ್ನೆ ಎತ್ತುವ ಪರೀಕ್ಷಕರಿದ್ದಾರೆ. ಮೊದಲ ಹೆಜ್ಜೆಯನ್ನು ಬಿ.ಇ ಓದಿದವರು ಇಡಲಾಗದಿದ್ದರೆ ಆ ಪ್ರಶ್ನೆ ವ್ಯಾಪ್ತಿಯನ್ನು ಅಳೆಯುವುದಿಲ್ಲ, ಅದೃಷ್ಟವನ್ನು ಅಳೆಯುತ್ತದೆ. ಮಾತಿನ ಪರೀಕ್ಷೆಯಾದ್ದರಿಂದ ಕೋಣೆಯಲ್ಲಿ ನಡೆದದ್ದಕ್ಕೆ ಪುರಾವೆ ಉಳಿಯುವುದೂ ಕಷ್ಟ.

ಈ ಪರೀಕ್ಷೆ ಇರಬೇಕು ಎಂಬುದೇ ನನ್ನ ಅಭಿಪ್ರಾಯ. ಜೊತೆಗೆ ಎರಡು ಕೆಲಸ ಆಗಲಿ. ಯಾವ ಮೂಲ ವಿಷಯಗಳಿಂದ ಪ್ರಶ್ನೆ ಬರುತ್ತದೆ ಎಂಬುದನ್ನು ವಿಭಾಗಗಳು ಮುಂಚಿತವಾಗಿ ಬರೆದು ತಿಳಿಸಲಿ. ಕೇಳಿದ ಪ್ರಶ್ನೆ, ಕೊಟ್ಟ ಸುಳಿವು, ಉತ್ತರ ನಿಂತ ಜಾಗ, ಇಷ್ಟನ್ನು ಸಮಿತಿ ಒಂದು ಪುಟದಲ್ಲಿ ದಾಖಲಿಸಿ ಫಲಿತಾಂಶದ ಜೊತೆಗೇ ವಿದ್ಯಾರ್ಥಿಯ ಕೈಗೆ ಕೊಡಲಿ.