ಹಳೆಯ ಆಲ್ಟಿಸ್, ಸಿಟಿ ಕಾರು ಓಡಿಸುವವರೇ, ಚಾಸಿಸ್ ನಂಬರ್ ಒಮ್ಮೆ ನೋಡಿಕೊಳ್ಳಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡಿರುವವರಲ್ಲಿ ಒಂದು ಮನವಿ. ನಿಮ್ಮದು 2010ರಿಂದ 2012ರ ನಡುವೆ ತಯಾರಾದ ಟೊಯೋಟಾ ಕೊರೊಲಾ ಆಲ್ಟಿಸ್ ಆಗಿದ್ದರೆ, ಅಥವಾ 2003ರಿಂದ 2013ರ ನಡುವಿನ ಹೋಂಡಾ ಸಿಟಿ, ಜಾಝ್, ಸಿವಿಕ್, ಅಕಾರ್ಡ್, ಸಿಆರ್‌ವಿ ಆಗಿದ್ದರೆ, ಅದರ ಏರ್‌ಬ್ಯಾಗ್ ಬದಲಾಗಿದೆಯೇ ಎಂದು ಈ ವಾರವೇ ಖಚಿತ ಮಾಡಿಕೊಳ್ಳಿ. ಈ ಕಾರುಗಳಲ್ಲಿ ಹಲವನ್ನು ಕಂಪನಿಗಳೇ ವರ್ಷಗಳ ಹಿಂದೆ ವಾಪಸ್ ಕರೆದಿವೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಆಲ್ಟಿಸ್‌ಗಳ ಪೈಕಿ ಸುಮಾರು 23 ಸಾವಿರ ಕಾರುಗಳಿಗೆ 2017ರ ಜನವರಿಯಲ್ಲಿ ಕರೆ ಬಂತು. ಹೋಂಡಾ ಹಲವು ಕಂತುಗಳಲ್ಲಿ ಕರೆಯಿತು.

ದೋಷ ಇರುವುದು ಚೀಲದಲ್ಲಲ್ಲ, ಅದನ್ನು ಉಬ್ಬಿಸುವ ಇನ್‌ಫ್ಲೇಟರ್‌ನಲ್ಲಿ. ಜಪಾನಿನ ಟಕಾಟಾ ಕಂಪನಿ ತಯಾರಿಸಿದ ಈ ಲೋಹದ ಡಬ್ಬಿಯೊಳಗೆ ಅಮೋನಿಯಂ ನೈಟ್ರೇಟ್ ಆಧಾರಿತ ಬಿಲ್ಲೆಗಳಿರುತ್ತವೆ. ಡಿಕ್ಕಿಯಾದ ಕ್ಷಣ ಅವು ಉರಿದು ಅನಿಲವಾಗಿ ಚೀಲವನ್ನು ತುಂಬಬೇಕು. ಹಗಲಿನ ಬಿಸಿಲು, ರಾತ್ರಿಯ ತಂಪು, ಗಾಳಿಯ ತೇವ ಇವುಗಳಿಗೆ ಸಿಕ್ಕಿ ವರ್ಷಗಳು ಕಳೆದಂತೆ ಬಿಲ್ಲೆಗಳು ಒಳಗೊಳಗೇ ಸಡಿಲವಾಗುತ್ತವೆ. ಸಡಿಲವಾದ ಬಿಲ್ಲೆ ಇರಬೇಕಾದ್ದಕ್ಕಿಂತ ಎಷ್ಟೋ ವೇಗವಾಗಿ ಉರಿಯುತ್ತದೆ. ಆ ಒತ್ತಡ ತಡೆಯಲಾರದೆ ಡಬ್ಬಿಯೇ ಸಿಡಿದು, ಲೋಹದ ಚೂರುಗಳು ಚೀಲವನ್ನು ಸೀಳಿಕೊಂಡು ಕತ್ತಿಗೆ, ಮುಖಕ್ಕೆ ನುಗ್ಗುತ್ತವೆ. ಬದುಕಿ ಉಳಿಯಬಹುದಾಗಿದ್ದ ಸಣ್ಣ ಡಿಕ್ಕಿಗಳಲ್ಲೂ ಜನ ಸತ್ತಿದ್ದಾರೆ. ಅಮೆರಿಕದಲ್ಲಿ ಮಾತ್ರವಲ್ಲ, ನಮ್ಮಂತೆಯೇ ಬಿಸಿಲು ತೇವ ಇರುವ ಮಲೇಷ್ಯಾದಲ್ಲಿ ಹೋಂಡಾ ಸಿಟಿ ಓಡಿಸುತ್ತಿದ್ದವರೇ ಬಲಿಯಾಗಿದ್ದಾರೆ.

ಬೆಂಗಳೂರಿನ ಹವೆ ತಂಪು, ನಮಗೇನೂ ಆಗದು ಎಂದು ಕೂರಬೇಡಿ. ಕೈಬದಲಾದ ಕಾರು ಅದಕ್ಕೂ ಮೊದಲು ಎಷ್ಟು ವರ್ಷ ಮಂಗಳೂರಿನಲ್ಲೋ ಚೆನ್ನೈನಲ್ಲೋ ನಿಂತಿತ್ತು ಎಂಬುದು ನಿಮಗೆ ಗೊತ್ತಿರಲಾರದು. ಇನ್ನೂ ಒಂದು ತೊಡಕಿದೆ. ಈ ದೋಷವನ್ನು ಡ್ಯಾಶ್‌ಬೋರ್ಡ್ ತೋರಿಸುವುದಿಲ್ಲ. ಏರ್‌ಬ್ಯಾಗ್ ದೀಪ ವೈರಿಂಗ್, ಸೆನ್ಸರ್ ಕೆಟ್ಟರೆ ಹೊತ್ತಿಕೊಳ್ಳುತ್ತದೆಯೇ ಹೊರತು ಬಿಲ್ಲೆ ಹಾಳಾದರೆ ಅಲ್ಲ. ಮೆಕ್ಯಾನಿಕ್ ಹೊರಗಿನಿಂದ ನೋಡಿಯೂ ಹೇಳಲಾರ. ಹಾಗಾಗಿ ದಾಖಲೆ ನೋಡುವುದೊಂದೇ ದಾರಿ.

ಕಂಪನಿ ಕಳಿಸಿದ ಕಾಗದ ಸಾಮಾನ್ಯವಾಗಿ ಹೋಗುವುದು ತನ್ನ ದಾಖಲೆಯಲ್ಲಿರುವ ಹೆಸರಿಗೆ, ಅಂದರೆ ಮೊದಲ ಮಾಲೀಕರಿಗೆ. 2011ರ ಜುಲೈನಲ್ಲಿ ತಯಾರಾದ ಒಂದು ಆಲ್ಟಿಸ್ ಎಂದುಕೊಳ್ಳಿ. ಇಂದಿರಾನಗರದವರೊಬ್ಬರು ಕೊಂಡು, 2016ರಲ್ಲಿ ಮಾರಿ, ವಿದೇಶಕ್ಕೆ ಹೋದರು. ಮರುವರ್ಷದ ಕಾಗದ ಅವರ ಹಳೆಯ ಮನೆಗೆ ಹೋಯಿತು. ಇಬ್ಬರ ಕೈ ದಾಟಿದ ಕಾರು ಇಂದು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿದೆ, ಸುದ್ದಿ ಮಾತ್ರ ನಿಮಗೆ ತಲುಪಿಲ್ಲ.

ಅಂಥ ಕಾರಿದ್ದರೆ ಮೊದಲು ಆರ್‌ಸಿ ತೆಗೆದು ತಯಾರಾದ ತಿಂಗಳು, ವರ್ಷ ನೋಡಿ. ನೋಂದಣಿ ದಿನಾಂಕ ಬೇರೆ, ಅದನ್ನು ನಂಬಬೇಡಿ. ನಂತರ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರ್ ಬರೆದುಕೊಳ್ಳಿ. ಟೊಯೋಟಾದ್ದು MBJ ಎಂದೂ ಹೋಂಡಾದ್ದು MAK ಎಂದೂ ಶುರುವಾಗಿದ್ದರೆ ಅದು ಭಾರತದಲ್ಲಿ ತಯಾರಾದ ಕಾರು. ಆರ್‌ಸಿಯಲ್ಲಿರುವುದೂ ಕಾರಿನ ಮೇಲೆ ಕೊರೆದಿರುವುದೂ ಒಂದೇ ಇರಬೇಕು. ಆ ನಂಬರನ್ನು ಕಂಪನಿಯ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ಹಾಕಿ, ಇಲ್ಲವೇ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೇಳಿ, ಬಾಕಿ ಇದೆಯೇ ಎಂದು ಕೇಳಿ. ನೀವು ಎಷ್ಟನೇ ಮಾಲೀಕರಾದರೂ ಸರಿ, ಬದಲಾವಣೆ ಉಚಿತ. ಹೋಗುವ ಮೊದಲು ಬಿಡಿಭಾಗ ಬಂದಿದೆಯೇ ಎಂದು ಫೋನಿನಲ್ಲಿ ವಿಚಾರಿಸಿ ದಿನ ಗೊತ್ತು ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಯಾವ ಬದಿಯ ಇನ್‌ಫ್ಲೇಟರ್ ಬದಲಿಸಿದರು ಎಂದು ಬರೆದ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ಚಾಲಕನ ಬದಿಯದಾದ ಮೇಲೆ ಪಕ್ಕದ ಸೀಟಿನದಕ್ಕೆ ಬೇರೆ ಕರೆ ಬಂದಿರಬಹುದು, ಎರಡನ್ನೂ ವಿಚಾರಿಸಿ.

ಬಾಕಿ ಇದೆ ಎಂದು ಗೊತ್ತಾದರೆ ಬದಲಾಗುವವರೆಗೆ ಆ ಕಾರು ಓಡಿಸದಿರುವುದೇ ಕ್ಷೇಮ. ಫ್ಯೂಸ್ ಕಿತ್ತು ಸುಮ್ಮನಾಗಬೇಡಿ, ಆಗ ಡಿಕ್ಕಿಯಲ್ಲಿ ಏರ್‌ಬ್ಯಾಗೇ ಇರುವುದಿಲ್ಲ. ಗುಜರಿಯಿಂದ ತಂದ ಏರ್‌ಬ್ಯಾಗನ್ನಂತೂ ಹಾಕಿಸಲೇಬೇಡಿ. ಅದರೊಳಗೂ ಇದೇ ಇನ್‌ಫ್ಲೇಟರ್ ಇರಬಹುದು.

ಕಾನೂನು ನಿಮ್ಮ ಪರವಾಗಿ ಓಡಾಡೀತೆಂದು ಕಾಯಬೇಡಿ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಡ್ಡಾಯ ರಿಕಾಲ್ ನಿಯಮ ಏಳು ವರ್ಷದೊಳಗಿನ ವಾಹನಗಳಿಗಷ್ಟೇ ಅನ್ವಯ. ಈ ಕಾರುಗಳ ಕರೆ ಕಂಪನಿಗಳು ತಾವಾಗಿ ಕೊಟ್ಟದ್ದು, ಅದಕ್ಕೆ ಓಗೊಡಬೇಕಾದವರು ನೀವೇ. ಇಂಥ ಕಾರನ್ನು ಈಗಾಗಲೇ ಮಾರಿದ್ದರೆ, ಕೊಂಡವರಿಗೆ ಫೋನ್ ಮಾಡಿ ತಿಳಿಸಿ.