ಒಂಬತ್ತರ ಮನಸ್ಸು, ಒಂದನೇ ತರಗತಿಯ ಅಕ್ಷರ

ಮಕ್ಕಳ ಪುಸ್ತಕದ ಹಿಂಬದಿಯಲ್ಲಿ ‘5ರಿಂದ 7 ವರ್ಷದವರಿಗೆ’ ಎಂದು ಅಚ್ಚು ಹಾಕುವವರ ಮನಸ್ಸಿನಲ್ಲಿ ಒಂದು ಲೆಕ್ಕವಿರುತ್ತದೆ. ಮಗು ಐದಕ್ಕೆ ಅಕ್ಷರ ತಿದ್ದುತ್ತದೆ, ಆರಕ್ಕೆ ಕಾಗುಣಿತ ಹೇಳುತ್ತದೆ, ಏಳಕ್ಕೆ ಒತ್ತಕ್ಷರ ದಾಟಿರುತ್ತದೆ. ಊರಿನ ಶಾಲೆಯಲ್ಲಿಯೂ ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಮಲೇಷ್ಯಾದ ನಿಲಾಯ್‌ನಂಥ ಕಡೆ ಅದು ಶುರುವಿನಲ್ಲೇ ಕೈಕೊಡುತ್ತದೆ.

ನಿಲಾಯ್ ಇರುವುದು ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ, ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಹತ್ತಿರ. ಕಾಲೇಜು, ವಿಶ್ವವಿದ್ಯಾಲಯಗಳೇ ತುಂಬಿದ ಊರು. ಮಣಿಪಾಲದವರೂ ಅಲ್ಲೊಂದು ವಿಶ್ವವಿದ್ಯಾಲಯ ತೆರೆದಿದ್ದರು. ಆ ದೇಶದಲ್ಲಿ ಮಗು ಏಳನೇ ವರ್ಷಕ್ಕೆ ಒಂದನೇ ತರಗತಿಗೆ ಹೋಗುತ್ತದೆ. ಓದಲು ಮೊದಲು ಸಿಗುವುದು ರೋಮನ್ ಲಿಪಿಯ ಮಲಯ್ ಮತ್ತು ಇಂಗ್ಲಿಷ್. ಕನ್ನಡದ ಅಕ್ಷರ ಬರುವುದು ಮನೆಯಲ್ಲಿ, ರಜೆಯ ದಿನ, ಅಪ್ಪ ಅಮ್ಮನಿಗೆ ಪುರಸೊತ್ತಾದಾಗ.

ಇಂಥ ಮನೆಯ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಜ್ಜಿ ಫೋನಿನಲ್ಲಿ ಹೇಳುವ ಕಥೆ ಪೂರ್ತಿ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುತ್ತಾನೆ. ವಿಮಾನ ಎಂದರೆ ಪ್ರಾಣ. ಆದರೆ ಕನ್ನಡದಲ್ಲಿ ಸ್ವರ, ವ್ಯಂಜನ ಮತ್ತು ಕಾಗುಣಿತದ ನಾಲ್ಕೈದು ರೂಪಗಳಷ್ಟೇ ಅವನ ಕೈಗೆ ಬಂದಿವೆ. ವಯಸ್ಸು ನೋಡಿ ಪುಸ್ತಕ ಕೊಟ್ಟರೆ ಎರಡನೇ ಸಾಲಿಗೇ ನಿಲ್ಲುತ್ತಾನೆ. ಅಕ್ಷರ ನೋಡಿ ಬಾತುಕೋಳಿ ಮರಿಯ ಕಥೆ ಕೊಟ್ಟರೆ, ಐದು ವರ್ಷದ ತಂಗಿಯ ಪುಸ್ತಕ ತನಗೇಕೆ ಎಂದು ಬದಿಗಿಡುತ್ತಾನೆ. ಹುಡುಗನಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲ ಎಂಬ ತೀರ್ಪು ಸಾಮಾನ್ಯವಾಗಿ ಹುಟ್ಟುವುದು ಈ ಎರಡು ಪುಸ್ತಕಗಳ ನಡುವೆ.

ಕನ್ನಡದಲ್ಲಿ ಓದಿನ ಮಟ್ಟ ಅಳೆಯುವುದಕ್ಕೆ ಇಂಗ್ಲಿಷಿನ ಅಳತೆಗೋಲು ಪೂರ್ತಿ ಹೊಂದುವುದಿಲ್ಲ. ನಮ್ಮ ಲಿಪಿಯಲ್ಲಿ ಗುಣಿತರೂಪಗಳೇ ನೂರಾರು, ಒತ್ತಕ್ಷರ ಬೇರೆ. ಬೆಂಗಳೂರಿನ ಸೋನಾಲಿ ನಾಗ್ ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರಲು ಮಕ್ಕಳಿಗೆ ಹಲವು ವರ್ಷ ಬೇಕು. ಮೂರು ನಾಲ್ಕನೇ ತರಗತಿಯಲ್ಲೂ ಕಲಿಕೆ ನಡೆಯುತ್ತಲೇ ಇರುತ್ತದೆ. ಕರ್ನಾಟಕದ ಮಕ್ಕಳಿಗೇ ಹೀಗಿರುವಾಗ ವಾರಕ್ಕೊಮ್ಮೆ ಅಕ್ಷರ ನೋಡುವ ನಿಲಾಯ್‌ನ ಹುಡುಗನ ಪಾಡು ಹೇಳಬೇಕಾಗಿಲ್ಲ.

ವಯಸ್ಸನ್ನು ಬಿಟ್ಟು ಮಟ್ಟ ಹಿಡಿಯುವ ಉಪಾಯ ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದೆ ಹೋಗುತ್ತದೆ. ವರ್ಣಮಾಲೆಯ ಕ್ರಮವನ್ನೂ ಅದು ಬಿಟ್ಟಿತು. ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಬಂದಷ್ಟು ಅಕ್ಷರದಲ್ಲೇ ಅರ್ಥವಿರುವ ಪದ ಓದಿಸಬೇಕು ಎಂಬ ಆ ಜಾಣತನ ಪಾಠದ ಕಾರ್ಡಿಗೆ ಬಂದಿತು. ಅಂಗಡಿಯಲ್ಲಿ ಸಿಗುವ ಕಥೆಪುಸ್ತಕಕ್ಕೆ ಬರಲಿಲ್ಲ.

ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣ ವಿದೇಶದ ಕನ್ನಡಿಗರಿಗೆ ದೊಡ್ಡ ಉಪಕಾರ. ಅಲ್ಲಿ ಕನ್ನಡ ಪುಸ್ತಕಗಳು ಉಚಿತ, ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು, ವಯಸ್ಸಿಗೆ ಬದಲು ನಾಲ್ಕು ಹಂತಗಳ ವಿಂಗಡಣೆಯಿದೆ. ಮೊದಲ ಹಂತದ ಪುಸ್ತಕ ಸುಮಾರು 250 ಪದಗಳೊಳಗೆ, ಎರಡನೆಯದು 600ರೊಳಗೆ. ಆದರೆ ಪದಗಳ ಎಣಿಕೆ ಒತ್ತಕ್ಷರವನ್ನು ಎಣಿಸುವುದಿಲ್ಲ. ಪುಟಕ್ಕೆ ಒಂದೇ ಸಾಲಿದ್ದರೂ ಆ ಸಾಲಿನಲ್ಲಿ ‘ರಾಷ್ಟ್ರೀಯ ಪ್ರಾಣಿ’ ಬಂದರೆ ನಮ್ಮ ಹುಡುಗನಿಗೆ ಅದು ಸುಲಭದ ಪುಸ್ತಕವಲ್ಲ. ಹಂತದ ಗುರುತು ಹುಡುಕಾಟವನ್ನು ಕಡಿಮೆ ಮಾಡುತ್ತದೆ, ಆಯ್ಕೆ ಮನೆಯವರೇ ಮಾಡಬೇಕು.

ಅದಕ್ಕೊಂದು ಸರಳ ಪರೀಕ್ಷೆಯಿದೆ. ಪುಸ್ತಕದಿಂದ ಐವತ್ತು ಪದಗಳ ಭಾಗವೊಂದನ್ನು ಮಗು ಜೋರಾಗಿ ಓದಲಿ. ಇಂಗ್ಲಿಷ್ ಓದು ಕಲಿಸುವವರು ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ದಾಖಲೆ ಕ್ರಮದಲ್ಲಿ ನೂರಕ್ಕೆ 95 ಸರಿಯಾದರೆ ಸುಲಭ, 90ರಿಂದ 94 ಆದರೆ ಹಿರಿಯರ ಜೊತೆ ಓದತಕ್ಕದ್ದು, ಅದಕ್ಕಿಂತ ಕಡಿಮೆಯಾದರೆ ಕಷ್ಟ ಎನ್ನುತ್ತಾರೆ. ಹಾಗೆಂದರೆ ಐವತ್ತರಲ್ಲಿ ಎರಡು ತಪ್ಪಿಗೆ ಪುಸ್ತಕ ಅವನ ಕೈಗೆ, ಮೂರರಿಂದ ಐದಕ್ಕೆ ನಿಮ್ಮಿಬ್ಬರ ಕೈಗೆ. ಕನ್ನಡದಲ್ಲಿ ಈ ಲೆಕ್ಕವನ್ನು ಸ್ವಲ್ಪ ಸಡಿಲ ಹಿಡಿಯಬೇಕು. ‘ಹೊರಟುಹೋಗಿದ್ದಾನಂತೆ’ ಎಂಬ ಒಂದು ಪದದಲ್ಲಿ ಇಂಗ್ಲಿಷಿನ ಒಂದು ವಾಕ್ಯವೇ ಅಡಗಿದೆ.

ತಪ್ಪಿನ ಸಂಖ್ಯೆಗಿಂತ ತಪ್ಪಿನ ಜಾತಿ ಮುಖ್ಯ. ವಿಮಾನದ ಪುಸ್ತಕವನ್ನೇ ತೆಗೆದುಕೊಳ್ಳಿ. ‘ವಿಮಾನ’ ಹುಡುಗ ಸಲೀಸಾಗಿ ಓದುತ್ತಾನೆ. ‘ರೆಕ್ಕೆ’ಯಲ್ಲಿ ತುಸು ತಡೆದು ದಾಟುತ್ತಾನೆ, ಏಕೆಂದರೆ ಅದು ಸಜಾತಿ ಒತ್ತು. ‘ನಿಲ್ದಾಣ’ದಲ್ಲಿ ನಿಲ್ಲುತ್ತಾನೆ. ‘ಮಾರ್ಗ’ದಲ್ಲಿ ಅರ್ಕಾವತ್ತು ಬರೆದದ್ದು ಗಕಾರದ ಬಳಿಕ, ಉಚ್ಚರಿಸುವುದು ಮೊದಲು, ಅಲ್ಲಿ ಖಂಡಿತ ಎಡವುತ್ತಾನೆ. ಈ ಪದಗಳೆಲ್ಲ ಅವನಿಗೆ ಕಿವಿಯಿಂದ ಗೊತ್ತು. ಆದ್ದರಿಂದ ನೀವು ಒಮ್ಮೆ ಓದಿ ಹೇಳಿದರೆ ಸಾಕು, ಮುಂದಿನ ಪುಟದಲ್ಲಿ ‘ನಿಲ್ದಾಣ’ ಮತ್ತೆ ಬಂದಾಗ ಅವನೇ ಹಿಡಿಯುತ್ತಾನೆ. ಇನ್ನೊಂದು ಬಗೆಯ ತಪ್ಪು ಕಿವಿಗೆ ಸಿಗುವುದೇ ಇಲ್ಲ: ‘ತರುವಾಯ’ವನ್ನು ಅಕ್ಷರ ಬಿಡದೆ ಸರಿಯಾಗಿ ಓದುತ್ತಾನೆ, ಅರ್ಥ ತಿಳಿಯುವುದಿಲ್ಲ. ಮನೆಯ ಮಾತಿನಲ್ಲಿ ಆ ಪದವಿಲ್ಲ. ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ ಕಥೆ ಹೇಳಿಸಿದರೆ ಮಾತ್ರ ಇದು ಹೊರಬೀಳುತ್ತದೆ. ಮೊದಲ ಬಗೆಯ ತಪ್ಪು ಹೆಚ್ಚಿದ್ದರೆ ಅಂಥದೇ ಪುಸ್ತಕ ಇನ್ನೂ ನಾಲ್ಕು ಓದಿಸಿ. ಎರಡನೆಯದು ಹೆಚ್ಚಿದ್ದರೆ ಆ ಪುಸ್ತಕವನ್ನು ನೀವೇ ಓದಿ ಹೇಳಿ.

ಆಸಕ್ತಿಯನ್ನು ಇಷ್ಟೊಂದು ಹಿಡಿದುಕೊಂಡಿರುವುದು ಮಗುವಿನ ಖುಷಿಗಾಗಿ ಮಾತ್ರವಲ್ಲ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಶಾಲಾಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರಿಗಿಂತ ಚೆನ್ನಾಗಿ ಗ್ರಹಿಸಿದರು. ವಿಷಯ ಗೊತ್ತಿದ್ದವನಿಗೆ ಮುಂದಿನ ಪದ ಏನಿರಬಹುದು ಎಂಬ ಅಂದಾಜು ಇರುತ್ತದೆ. ವಿಮಾನದ ಹುಡುಗ ‘ರೆಕ್ಕೆ’ಯನ್ನು ದಾಟಲು ಇದೂ ನೆರವಾಯಿತು.

ಕಿವಿಯ ಪರಿಚಯವೂ ಇದೇ ಕೆಲಸ ಮಾಡುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಕೇಳಿ ಕೇಳಿ ಬಾಯಿಪಾಠವಾದ ಮಗು ತನ್ನ ಮಟ್ಟಕ್ಕೆ ಮೀರಿದ ಆ ಪದ್ಯವನ್ನು ಕೈಯಲ್ಲಿ ಹಿಡಿದು ‘ಓದುತ್ತದೆ’. ಅದು ಓದೋ ನೆನಪೋ ಎಂದು ತಿಳಿಯಲು ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ನೆನಪೇ ಆಗಿದ್ದರೂ ನಷ್ಟವಿಲ್ಲ, ಬೆರಳು ಪದದಿಂದ ಪದಕ್ಕೆ ಸರಿಯುತ್ತಿದ್ದರೆ ಸಾಕು.

ಮಟ್ಟದ ಹುಚ್ಚೂ ಒಂದಿದೆ. ಪುಸ್ತಕಗಳನ್ನು ಎ ಯಿಂದ ಝೆಡ್‌ವರೆಗೆ ವಿಂಗಡಿಸಿ ಹೆಸರಾದ ಫೌಂಟಾಸ್ ಮತ್ತು ಪಿನ್ನೆಲ್ ಅವರೇ ಆ ಗುರುತು ಶಿಕ್ಷಕರ ಉಪಯೋಗಕ್ಕೆ, ಮಗುವಿನ ಹಣೆಗೆ ಅಂಟಿಸುವುದಕ್ಕಲ್ಲ ಎಂದು ಹೇಳಬೇಕಾಯಿತು. ಎರಡನೇ ಹಂತದ ಮಗು ನಾಲ್ಕನೇ ಹಂತದ ಡೈನೋಸಾರ್ ಪುಸ್ತಕ ಕೇಳಿದರೆ ಕೊಡಬೇಕು. ಚಿತ್ರ ನೋಡಲಿ, ಅಡಿಬರಹ ಓದಲಿ. ವಯಸ್ಸನ್ನು ಪೂರ್ತಿ ಕೈಬಿಡುವುದೂ ಸರಿಯಲ್ಲ. ಏಳು ವರ್ಷದವಳು ನಿರರ್ಗಳವಾಗಿ ಓದುತ್ತಾಳೆ ಎಂದು ದೊಡ್ಡವರ ಕಾದಂಬರಿಯ ಸಾವು ನೋವು ಅವಳ ಪಾಲಿಗೆ ಬರಬೇಕಾಗಿಲ್ಲ. ಪುಸ್ತಕದಲ್ಲಿ ಏನಿರಬಾರದು ಎಂಬುದನ್ನು ವಯಸ್ಸು ಹೇಳಲಿ; ಯಾವ ಪುಸ್ತಕ ಎಂಬುದನ್ನು ಬೇಡ.

ನಿಜವಾದ ಕೊರತೆ ಇರುವುದು ಪುಸ್ತಕಗಳಲ್ಲೇ. ಒತ್ತಕ್ಷರ ಕಡಿಮೆಯಿದ್ದು ಒಂಬತ್ತು ಹತ್ತರ ಮಕ್ಕಳ ಬುದ್ಧಿಗೆ ತಕ್ಕ ವಿಷಯವಿರುವ ವಿಮಾನ, ಫುಟ್‌ಬಾಲ್, ಹಾವು, ಗ್ರಹಗಳ ಪುಸ್ತಕ ಕನ್ನಡದಲ್ಲಿ ಹುಡುಕಿದರೂ ಕಷ್ಟದಿಂದ ಸಿಗುತ್ತದೆ. ಪ್ರಕಾಶಕರು ಅಂಥವನ್ನು ಬರೆಸಲಿ. ಅಲ್ಲಿಯವರೆಗೆ ಈಗಿರುವ ಪುಸ್ತಕಗಳ ಹಿಂಬದಿಯಲ್ಲಿ ವಯಸ್ಸಿನ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಲಿ: ‘ಒತ್ತಕ್ಷರವಿಲ್ಲ’, ‘ಸಜಾತಿ ಒತ್ತು ಮಾತ್ರ’ ಅಥವಾ ‘ಎಲ್ಲ ಒತ್ತಕ್ಷರಗಳಿವೆ’.